18.5% ಕೊಟ್ಟ ಫಂಡ್ ದೊಡ್ಡದೋ, 12.1% ಕೊಟ್ಟದ್ದು ದೊಡ್ಡದೋ?

ಓದುಗರ ಪ್ರಶ್ನೆ: ನನ್ನ ಹತ್ತಿರ ಮೂರು ಫಂಡ್ ಇವೆ. ಕಳೆದ ಮೂರು ವರ್ಷದಲ್ಲಿ ಸ್ಮಾಲ್‌ಕ್ಯಾಪ್ ವರ್ಷಕ್ಕೆ ಸರಾಸರಿ 18.5% ಕೊಟ್ಟಿದೆ, ಫ್ಲೆಕ್ಸಿಕ್ಯಾಪ್ 14.6%, ಬ್ಯಾಲೆನ್ಸ್ಡ್ ಅಡ್ವಾಂಟೇಜ್ 12.1%. ಏರಿಳಿತ ಅಳೆಯುವ ಸ್ಟ್ಯಾಂಡರ್ಡ್ ಡೀವಿಯೇಶನ್ ಕ್ರಮವಾಗಿ 21, 15 ಮತ್ತು 8. ಶಾರ್ಪ್ ರೇಶಿಯೊ 0.57, 0.54 ಮತ್ತು 0.70. ಅಂದರೆ ಎಲ್ಲಕ್ಕಿಂತ ಕಡಿಮೆ ಕೊಟ್ಟಿದ್ದೇ ಶಾರ್ಪ್‌ನಲ್ಲಿ ಮೊದಲು! 0.70ಕ್ಕೂ 0.57ಕ್ಕೂ ಇರುವ ಅಂತರ ದುಡ್ಡಿನ ಲೆಕ್ಕದಲ್ಲಿ ಎಷ್ಟು? ಅದನ್ನು ಹೇಳುವ ಎಂ-ಸ್ಕ್ವೇರ್ಡ್ ಅನ್ನೋ ಲೆಕ್ಕ ಇದೆಯಂತೆ. ಅದನ್ನು ನಂಬಿ ಸ್ಮಾಲ್‌ಕ್ಯಾಪ್ ಮಾರಿಬಿಡಬಹುದಾ?

ಉತ್ತರ: ನೀವು ಕೊಟ್ಟ ಅಂಕಿಗಳಿಗೆ ಎಂ-ಸ್ಕ್ವೇರ್ಡ್ ಹಾಕಿದರೆ ಸ್ಮಾಲ್‌ಕ್ಯಾಪ್ 14.5%ಕ್ಕೆ ಇಳಿಯುತ್ತದೆ, ಬ್ಯಾಲೆನ್ಸ್ಡ್ ಅಡ್ವಾಂಟೇಜ್ 16.3%ಕ್ಕೆ ಏರುತ್ತದೆ, ಫ್ಲೆಕ್ಸಿಕ್ಯಾಪ್ 14.1%ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಆದರೆ ಇಷ್ಟನ್ನೇ ನೆಚ್ಚಿಕೊಂಡು ಮಾರಬೇಡಿ. ಆ 16.3%ರಲ್ಲಿ ನಿಮ್ಮ ಕೈಗೆ ಸಿಗದ ಒಂದು ಪಾಲಿದೆ. ಮೂರು ವರ್ಷದ ಅಂಕಿಗೆ ಇಷ್ಟು ಸಣ್ಣ ಅಂತರವನ್ನು ಖಚಿತವಾಗಿ ಹೇಳುವ ಶಕ್ತಿಯೂ ಇಲ್ಲ. ಎರಡನ್ನೂ ಬಿಡಿಸಿ ನೋಡೋಣ.

ಶಾರ್ಪ್ ರೇಶಿಯೊ ಹೇಳುವುದು ಒಂದೇ ಮಾತು: ಒಂದು ಪಾಯಿಂಟ್ ಏರಿಳಿತ ಸಹಿಸಿಕೊಂಡದ್ದಕ್ಕೆ, ಅಪಾಯವೇ ಇಲ್ಲದ ಬಡ್ಡಿಗಿಂತ ಎಷ್ಟು ಹೆಚ್ಚು ಸಿಕ್ಕಿತು. ಕ್ರಮ ಹಚ್ಚುವುದಕ್ಕೆ ಅದು ಸಾಕು. ಆದರೆ 0.13 ಅಂತರ ದೊಡ್ಡದೋ ಸಣ್ಣದೋ ಎಂಬುದು ಅದರಿಂದ ಯಾರಿಗೂ ತಲೆಗೆ ಹತ್ತುವುದಿಲ್ಲ, ಏಕೆಂದರೆ ಅದು ಶೇಕಡಾ ಅಲ್ಲ, ರೂಪಾಯಿಯೂ ಅಲ್ಲ. 1997ರಲ್ಲಿ ಫ್ರಾಂಕೊ ಮೊಡಿಲ್ಯಾನಿ ಮತ್ತು ಅವರ ಮೊಮ್ಮಗಳು ಲೇಯಾ ಮೊಡಿಲ್ಯಾನಿ ಇದನ್ನು ಶೇಕಡಾ ರೂಪಕ್ಕೆ ತಿರುಗಿಸುವ ದಾರಿ ತೋರಿಸಿದರು. ತಾತ 1985ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು, ಮೊಮ್ಮಗಳು ಮಾರ್ಗನ್ ಸ್ಟ್ಯಾನ್ಲಿಯಲ್ಲಿ ಕೆಲಸದಲ್ಲಿದ್ದವರು. ಹೆಸರಿನಲ್ಲಿರುವ ಎರಡು ಎಂ ಇವರಿಬ್ಬರದೇ.

ಅವರ ಉಪಾಯ ಸರಳ. ಒಂದು ಫಂಡ್ ಮಾರುಕಟ್ಟೆಗಿಂತ ಹೆಚ್ಚು ಕುಣಿಯುತ್ತಿದ್ದರೆ ಅದಕ್ಕೆ ಸರ್ಕಾರದ ಅಲ್ಪಾವಧಿ ಸಾಲಪತ್ರವಾದ ಟ್ರೆಷರಿ ಬಿಲ್ ಬೆರೆಸಿ ತೆಳುಮಾಡಿ. ಕಡಿಮೆ ಕುಣಿಯುತ್ತಿದ್ದರೆ ಅದೇ ಟ್ರೆಷರಿ ಬಿಲ್ ದರಕ್ಕೆ ಸಾಲ ತಂದು ಅದರಲ್ಲೇ ಇನ್ನಷ್ಟು ಹಾಕಿ ಗಟ್ಟಿ ಮಾಡಿ. ಎಲ್ಲ ಫಂಡ್‌ಗಳ ಏರಿಳಿತವೂ ಮಾರುಕಟ್ಟೆಯಷ್ಟೇ ಆಗುವವರೆಗೆ ಹೀಗೆ ಹದ ಮಾಡಿ, ಆಮೇಲೆ ಯಾವುದು ಎಷ್ಟು ಕೊಟ್ಟಿತು ನೋಡಿ. ಸೂತ್ರ ಇದು:

`M² = Rf + (Rp − Rf) × σm / σp`

`Rp` ಫಂಡಿನ ಗಳಿಕೆ, `Rf` ಅಪಾಯವಿಲ್ಲದ ದರ, `σp` ಫಂಡಿನ ಸ್ಟ್ಯಾಂಡರ್ಡ್ ಡೀವಿಯೇಶನ್, `σm` ಮಾರುಕಟ್ಟೆಯದು. ಫಂಡಿನ ಶಾರ್ಪ್ ಈಗಾಗಲೇ ಗೊತ್ತಿದ್ದರೆ ಇನ್ನೂ ಚಿಕ್ಕದಾಗಿ, `Rf` ಜೊತೆಗೆ ಶಾರ್ಪ್ ಗುಣಿಸು `σm`.

ಲೆಕ್ಕಕ್ಕೆ ಇಳಿಯುವ ಮುಂಚೆ ಒಂದು ತಪಾಸಣೆ. ಮೂರೂ ಶಾರ್ಪ್‌ಗಳನ್ನು ಒಂದೇ `Rf` ಹಿಡಿದು ಮಾಡಿದ್ದಾರೆಯೇ? ಗಳಿಕೆಯಿಂದ, ಶಾರ್ಪ್ ಮತ್ತು ಡೀವಿಯೇಶನ್‌ಗಳ ಗುಣಲಬ್ಧ ಕಳೆಯಿರಿ. ಬ್ಯಾಲೆನ್ಸ್ಡ್ ಅಡ್ವಾಂಟೇಜ್‌ಗೆ 12.1ರಲ್ಲಿ 5.6 ಕಳೆದರೆ ಉಳಿದದ್ದು 6.5. ಫ್ಲೆಕ್ಸಿಕ್ಯಾಪ್‌ಗೆ 14.6ರಲ್ಲಿ 8.1 ಕಳೆದರೆ ಮತ್ತೆ 6.5. ಸ್ಮಾಲ್‌ಕ್ಯಾಪ್‌ಗೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿಗೆ ಮೂರಕ್ಕೂ 6.5% ಹಿಡಿದಿದ್ದಾರೆ, ಹೋಲಿಸಬಹುದು. ಒಂದರಲ್ಲಿ 5.3, ಇನ್ನೊಂದರಲ್ಲಿ 6.8 ಬಂದರೆ ಅವು ಬೇರೆ ಬೇರೆ ತಿಂಗಳ ಫ್ಯಾಕ್ಟ್‌ಶೀಟ್ ಆಗಿರಬಹುದು, ಇಲ್ಲವೇ ಲೆಕ್ಕದ ರೀತಿಯೇ ಬೇರೆ ಇರಬಹುದು. ಆಗ ಆ ಶಾರ್ಪ್‌ಗಳನ್ನು ಪಕ್ಕಪಕ್ಕ ಇಡಬಾರದು. ನಮ್ಮ ಫಂಡ್ ಕಂಪನಿಗಳ ಫ್ಯಾಕ್ಟ್‌ಶೀಟ್‌ನಲ್ಲಿ ಸಾಮಾನ್ಯವಾಗಿ ಬ್ಯಾಂಕುಗಳು ಒಂದು ರಾತ್ರಿಗೆ ಪರಸ್ಪರ ಸಾಲ ಕೊಡುವ ಓವರ್‌ನೈಟ್ ಮೈಬಾರ್ ದರವನ್ನು `Rf` ಎಂದು ಹಿಡಿಯುತ್ತಾರೆ, ಎಷ್ಟು ಹಿಡಿದರೆಂದು ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ನೀವೇ ಲೆಕ್ಕ ಹಾಕುವುದಾದರೆ 91 ದಿನದ ಟ್ರೆಷರಿ ಬಿಲ್‌ನ ಆ ಅವಧಿಯ ಸರಾಸರಿ ಸಾಕು.

ಮಾರುಕಟ್ಟೆಗೆ ಲಾಭಾಂಶವನ್ನೂ ಸೇರಿಸಿದ ಸೂಚ್ಯಂಕ ನಿಫ್ಟಿ 500 ಟಿಆರ್‌ಐ ತೆಗೆದುಕೊಳ್ಳೋಣ. ಅದೇ ಮೂರು ವರ್ಷಕ್ಕೆ ಅದರ ಸರಾಸರಿ ಗಳಿಕೆ 14%, ಡೀವಿಯೇಶನ್ 14% ಎಂದು ಇಟ್ಟುಕೊಂಡು ಲೆಕ್ಕ ತೋರಿಸುತ್ತೇವೆ. ನಿಮ್ಮ ಅವಧಿಯ ನಿಜವಾದ ಅಂಕಿ ಆಮೇಲೆ ತುಂಬಿಕೊಳ್ಳಿ.

ಮೊದಲು ಸ್ಮಾಲ್‌ಕ್ಯಾಪ್. ಬಡ್ಡಿಗಿಂತ ಹೆಚ್ಚು ಗಳಿಸಿದ್ದು 12%. 14ನ್ನು 21ರಿಂದ ಭಾಗಿಸಿದರೆ ಮೂರರಲ್ಲಿ ಎರಡು ಪಾಲು. ಹಾಗಾಗಿ 12ರಲ್ಲಿ 8 ಉಳಿಯಿತು, 6.5 ಸೇರಿಸಿದರೆ 14.5%. ಇದನ್ನು ದುಡ್ಡಿನಲ್ಲಿ ನೋಡಿ. ಒಂದು ಲಕ್ಷ ರೂಪಾಯಿಯಲ್ಲಿ 66,667 ರೂಪಾಯಿ ಸ್ಮಾಲ್‌ಕ್ಯಾಪ್‌ನಲ್ಲಿ, 33,333 ಟ್ರೆಷರಿ ಬಿಲ್‌ನಲ್ಲಿ. ಮೊದಲನೆಯದು ವರ್ಷಕ್ಕೆ 12,333 ತಂದಿತು, ಎರಡನೆಯದು 2,167. ಒಟ್ಟು 14,500. ಈ ಮಿಶ್ರಣದ ಏರಿಳಿತ ನಿಫ್ಟಿ 500ರಷ್ಟೇ, ಅಂದರೆ 14%. ನಿಫ್ಟಿ 500 ಅದೇ ಏರಿಳಿತಕ್ಕೆ 14,000 ಕೊಟ್ಟಿತ್ತು. ಫಂಡ್ ಮ್ಯಾನೇಜರ್ ತನ್ನ ಆಯ್ಕೆಯಿಂದ ತಂದದ್ದು ಲಕ್ಷಕ್ಕೆ 500 ರೂಪಾಯಿ. 18.5ಕ್ಕೂ 14ಕ್ಕೂ ಇರುವ ನಾಲ್ಕೂವರೆ ಪಾಯಿಂಟ್ ಅಂತರದಲ್ಲಿ ನಾಲ್ಕು ಪಾಯಿಂಟ್ ಬರಿಯ ಹೆಚ್ಚುವರಿ ಕುಣಿತದ ಕೂಲಿ. ಇಲ್ಲಿ ಸಾಲವಿಲ್ಲ, ಊಹೆಯಿಲ್ಲ. ಬೇಕಾದರೆ ನೀವೂ ನಾಳೆಯೇ ಈ ಮಿಶ್ರಣ ಮಾಡಿಕೊಳ್ಳಬಹುದು. ಆದ್ದರಿಂದ ಮಾರುಕಟ್ಟೆಗಿಂತ ಹೆಚ್ಚು ಏರಿಳಿತದ ಫಂಡಿಗೆ ಬರುವ ಎಂ-ಸ್ಕ್ವೇರ್ಡ್ ಅಂಕಿಯನ್ನು ಅಕ್ಷರಶಃ ಓದಬಹುದು.

ಬ್ಯಾಲೆನ್ಸ್ಡ್ ಅಡ್ವಾಂಟೇಜ್‌ನ ಕಥೆ ಬೇರೆ. ಬಡ್ಡಿಗಿಂತ ಹೆಚ್ಚು ಗಳಿಸಿದ್ದು 5.6%. 14ನ್ನು 8ರಿಂದ ಭಾಗಿಸಿದರೆ 1.75. ಗುಣಿಸಿದರೆ 9.8, ಜೊತೆಗೆ 6.5, ಒಟ್ಟು 16.3%. ಕಾಗದದ ಮೇಲೆ ಸೂಚ್ಯಂಕಕ್ಕಿಂತ 2.3 ಪಾಯಿಂಟ್ ಮೇಲೆ! ಈಗ ಇದರ ಹಿಂದಿನ ದುಡ್ಡು ನೋಡಿ. ನಿಮ್ಮ ಒಂದು ಲಕ್ಷದ ಜೊತೆ 75,000 ಸಾಲ ತಂದು ಒಟ್ಟು 1,75,000ವನ್ನು ಈ ಫಂಡಿಗೆ ಹಾಕಬೇಕು. ಗಳಿಕೆ 21,175. ಸಾಲಕ್ಕೆ 6.5% ಬಡ್ಡಿ, 4,875. ಉಳಿದದ್ದು 16,300.

ಆ 6.5%ಕ್ಕೆ ನಿಮಗೆ ಸಾಲ ಕೊಡುವವರು ಯಾರು? ಅದು ಕೇಂದ್ರ ಸರ್ಕಾರಕ್ಕೆ ಸಾಲ ಸಿಗುವ ದರ. ಮ್ಯೂಚುಯಲ್ ಫಂಡ್ ಯೂನಿಟ್ ಅಡವಿಟ್ಟರೆ ನಿಮಗೆ 10.5%ಕ್ಕೆ ಸಿಕ್ಕಿತು ಎಂದುಕೊಳ್ಳಿ. ಬಡ್ಡಿ 7,875 ಆಗುತ್ತದೆ, ಉಳಿಯುವುದು 13,300. ಅಂದರೆ 13.3%, ಸೂಚ್ಯಂಕದ 14%ಕ್ಕಿಂತ ಕೆಳಗೆ. 2.3 ಮೇಲಿದ್ದ ಫಂಡ್ 0.7 ಕೆಳಗೆ ಬಂತು. ಫಂಡ್ ಬದಲಾಗಿಲ್ಲ, ಸಾಲದ ದರ ಮಾತ್ರ ಬದಲಾಗಿದೆ. ಎಂ-ಸ್ಕ್ವೇರ್ಡ್ ಓದುವವರು ಎಡವುವ ಮೊದಲ ಜಾಗ ಇದೇ. ಕಡಿಮೆ ಏರಿಳಿತದ ಫಂಡಿಗೆ ಬರುವ ಎತ್ತರದ ಅಂಕಿ ಯಾರೂ ಗಳಿಸಿದ ಲಾಭವಲ್ಲ, ಗಳಿಸುವುದೂ ಕಷ್ಟ.

ಹಾಗೆಂದು ಫಂಡ್ ಕೆಟ್ಟದ್ದೂ ಅಲ್ಲ. ತಕ್ಕಡಿಯನ್ನು ಬೇರೆ ಕಡೆ ಇಟ್ಟು ನೋಡಿದರೆ ಅದರ ಗುಣ ಗೊತ್ತಾಗುತ್ತದೆ. ಎಲ್ಲವನ್ನೂ ಮಾರುಕಟ್ಟೆಯ 14%ಕ್ಕೆ ಏರಿಸುವ ಬದಲು, ನಿಮ್ಮಲ್ಲಿರುವುದರಲ್ಲಿ ಅತಿ ಕಡಿಮೆ ಏರಿಳಿತವಾದ 8%ಕ್ಕೆ ಇಳಿಸಿ. ಸೂತ್ರದಲ್ಲಿ `σm` ಜಾಗದಲ್ಲಿ 8 ಹಾಕಿದರೆ ಆಯಿತು. ಸ್ಮಾಲ್‌ಕ್ಯಾಪ್ 38% ಮತ್ತು ಟ್ರೆಷರಿ ಬಿಲ್ 62% ಬೆರೆಸಿದರೆ 11.1% ಬರುತ್ತದೆ. ನಿಫ್ಟಿ 500ನ್ನು ಹೀಗೇ ತೆಳುಮಾಡಿದರೆ 10.8%. ಬ್ಯಾಲೆನ್ಸ್ಡ್ ಅಡ್ವಾಂಟೇಜ್ ಇದ್ದ ಹಾಗೇ 12.1%. ಎಲ್ಲಿಯೂ ಸಾಲ ಬೇಕಿಲ್ಲ. ಫಂಡ್‌ಗಳ ಕ್ರಮ ಮೊದಲಿನದೇ, ಏಕೆಂದರೆ ಕ್ರಮವನ್ನು ನಿರ್ಧರಿಸುವುದು ಶಾರ್ಪ್, ಯಾವ ಏರಿಳಿತಕ್ಕೆ ಹದ ಮಾಡಿದಿರಿ ಎಂಬುದಲ್ಲ. ಅಂತರ ಮಾತ್ರ 1.8 ಪಾಯಿಂಟ್‌ನಿಂದ ಒಂದಕ್ಕೆ ಇಳಿಯಿತು. ನೀವು ಕೇಳಿದ ಪ್ರಶ್ನೆಗೆ ನೇರ ಉತ್ತರ ಇದೇ: 0.70ಕ್ಕೂ 0.57ಕ್ಕೂ ಇರುವ ಅಂತರ, 8% ಏರಿಳಿತದ ಮಟ್ಟದಲ್ಲಿ, ಒಂದು ಲಕ್ಷಕ್ಕೆ ವರ್ಷಕ್ಕೆ ಸುಮಾರು ಸಾವಿರ ರೂಪಾಯಿ. ಮನೆಯ ದುಡ್ಡಿನ ತೀರ್ಮಾನಕ್ಕೆ 14ರ ಮಟ್ಟದ ಲೆಕ್ಕಕ್ಕಿಂತ ಈ ಕೆಳಮುಖದ ಲೆಕ್ಕವನ್ನೇ ನಾವು ಹೆಚ್ಚು ನಂಬುತ್ತೇವೆ.

ಫ್ಲೆಕ್ಸಿಕ್ಯಾಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 8.1ನ್ನು 14/15ರಿಂದ ಗುಣಿಸಿ 6.5 ಸೇರಿಸಿದರೆ 14.06%. ಸೂಚ್ಯಂಕಕ್ಕಿಂತ 0.6 ಮೇಲಿದೆ ಎಂದು ಕಂಡದ್ದು ಹದ ಮಾಡಿದ ಮೇಲೆ 0.06ಕ್ಕೆ ಬಂತು. ಇದು ಸೂಚ್ಯಂಕದ ಹಾಗೇ ನಡೆದ ಫಂಡ್, ಅಷ್ಟೆ.

ಈಗ ಅಂಕಿಗಳನ್ನು ಸರಿಯಾಗಿ ತರುವ ವಿಚಾರ. ಎಂ-ಸ್ಕ್ವೇರ್ಡ್ ತಪ್ಪುವುದು ಸೂತ್ರದಲ್ಲಿ ಕಡಿಮೆ, ಒಳಗೆ ಹಾಕುವ ಅಂಕಿಗಳಲ್ಲೇ ಹೆಚ್ಚು. ಮೂರು ವರ್ಷಕ್ಕೆ 37 ತಿಂಗಳ ಕೊನೆಯ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ, ಬೇಕು, ಏಕೆಂದರೆ 36 ತಿಂಗಳ ಗಳಿಕೆಗೆ ಒಂದು ಆರಂಭದ ಬೆಲೆ ಹೆಚ್ಚು ಬೇಕಾಗುತ್ತದೆ. ಎನ್‌ಎವಿ ಇತಿಹಾಸ ಫಂಡ್ ಕಂಪನಿಗಳ ಸಂಘವಾದ ಆಂಫಿಯ ಜಾಲತಾಣದಲ್ಲಿ ಸಿಗುತ್ತದೆ. ಗ್ರೋತ್ ಆಯ್ಕೆಯದನ್ನೇ ತೆಗೆದುಕೊಳ್ಳಿ. ಲಾಭಾಂಶ ಹಂಚುವ ಆಯ್ಕೆಯಲ್ಲಿ ಹಂಚಿದ ದಿನ ಎನ್‌ಎವಿ ಇಳಿಯುತ್ತದೆ, ನಿಮ್ಮ ಲೆಕ್ಕ ಅದನ್ನು ನಷ್ಟ ಎಂದೇ ಹಿಡಿಯುತ್ತದೆ. ಒಂದು ಫಂಡಿಗೆ ಡೈರೆಕ್ಟ್, ಇನ್ನೊಂದಕ್ಕೆ ರೆಗ್ಯುಲರ್ ಎಂದು ಬೆರೆಸಿದರೆ ಏಜೆಂಟರ ಕಮಿಷನ್ ಕೂಡ ಮ್ಯಾನೇಜರ್‌ನ ಜಾಣ್ಮೆಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಎನ್‌ಎವಿಗಳನ್ನು `B2`ರಿಂದ `B38`ರವರೆಗೆ ಹಾಕಿ, `C3`ರಿಂದ ಕೆಳಕ್ಕೆ ಮೊದಲ ಸಾಲನ್ನು ಎಳೆಯಿರಿ. ಆಮೇಲೆ `F1`ರಲ್ಲಿ `Rf`, ಅದನ್ನು ಬರಿ 6.5 ಎನ್ನದೆ ಶೇಕಡಾ ಗುರುತಿನೊಂದಿಗೆ 6.5% ಎಂದೇ ಬರೆಯಿರಿ, `F2`ರಲ್ಲಿ ಸರಾಸರಿ, `F3`ರಲ್ಲಿ ಫಂಡಿನ ಡೀವಿಯೇಶನ್, `F4`ರಲ್ಲಿ ಸೂಚ್ಯಂಕದ ಡೀವಿಯೇಶನ್:

```
=B3/B2-1
=AVERAGE(C3:C38)*12
=STDEV.S(C3:C38)*SQRT(12)
=F1+(F2-F1)*F4/F3
```

ಸೂಚ್ಯಂಕಕ್ಕೆ ಟಿಆರ್‌ಐ, ಅಂದರೆ ಲಾಭಾಂಶವನ್ನೂ ಸೇರಿಸಿದ ಸರಣಿಯನ್ನೇ ಬಳಸಿ. ಫಂಡಿನ ಎನ್‌ಎವಿಯೊಳಗೆ ಕಂಪನಿಗಳು ಕೊಟ್ಟ ಲಾಭಾಂಶ ಸೇರಿರುವಾಗ ಸೂಚ್ಯಂಕಕ್ಕೆ ಬರಿಯ ಬೆಲೆ ಹಿಡಿದರೆ ಫಂಡ್ ಸುಮ್ಮನೆ ಗೆದ್ದಂತೆ ಕಾಣುತ್ತದೆ. ಸೆಬಿ 2018ರ ಫೆಬ್ರುವರಿಯಿಂದ ಫಂಡ್‌ಗಳೂ ಟಿಆರ್‌ಐ ಜೊತೆಗೇ ಹೋಲಿಸಬೇಕೆಂದು ನಿಯಮ ಮಾಡಿದ್ದು ಇದಕ್ಕೇ. ಇನ್ನೊಂದು ಮಾತು: ಮೂರು ಫಂಡಿಗೂ ಒಂದೇ ಸೂಚ್ಯಂಕ ಇರಲಿ. ಸ್ಮಾಲ್‌ಕ್ಯಾಪ್‌ಗೆ ಸ್ಮಾಲ್‌ಕ್ಯಾಪ್ ಸೂಚ್ಯಂಕದ `σm`, ಇನ್ನೊಂದಕ್ಕೆ ಇನ್ನೊಂದರ `σm` ಹಾಕಿದರೆ ತಕ್ಕಡಿಯ ಕಲ್ಲನ್ನೇ ಬದಲಾಯಿಸಿದಂತೆ. ಆಗ ಬಂದ ಅಂಕಿಗಳನ್ನು ಪರಸ್ಪರ ಹೋಲಿಸಲು ಬರುವುದಿಲ್ಲ.

ಫ್ಯಾಕ್ಟ್‌ಶೀಟ್‌ನಿಂದ ಡೀವಿಯೇಶನ್ ನೇರ ಎತ್ತಿಕೊಳ್ಳುವವರು ಒಂದು ಗಮನಿಸಬೇಕು. ಕೆಲವರು ವಾರ್ಷಿಕ ಅಂಕಿ ಕೊಡುತ್ತಾರೆ, ಕೆಲವರು ತಿಂಗಳಿನದು. ಗುರುತಿಸುವುದು ಸುಲಭ. ಪೂರ್ತಿ ಈಕ್ವಿಟಿ ಫಂಡಿಗೆ 12ರಿಂದ 22ರೊಳಗೆ ಏನೋ ಕಂಡರೆ ಅದು ವರ್ಷದ್ದು, 3.5 ಅಥವಾ 4 ಕಂಡರೆ ತಿಂಗಳದ್ದು. ತಿಂಗಳದ್ದನ್ನು 12ರಿಂದ ಗುಣಿಸಬಾರದು, 12ರ ವರ್ಗಮೂಲವಾದ 3.46ರಿಂದ ಗುಣಿಸಬೇಕು. 4 ಆಗ ಸುಮಾರು 13.9 ಆಗುತ್ತದೆ. ಗಮನಿಸದೆ 4 ಎಂದೇ ಹಾಕಿದರೆ ಸೂತ್ರ ಆ ಫಂಡನ್ನು ಮೂರೂವರೆ ಪಟ್ಟು ಉಬ್ಬಿಸಿ ಮೂವತ್ತೋ ನಲವತ್ತೋ ಶೇಕಡಾ ತೋರಿಸುತ್ತದೆ. ಅಂಥ ಅಂಕಿ ಬಂದರೆ ಖುಷಿಪಡುವ ಮುಂಚೆ ಇದನ್ನು ನೋಡಿ.

ಗಳಿಕೆಯಲ್ಲೂ ಒಂದು ಸೂಕ್ಷ್ಮವಿದೆ. ನೀವು ಕೊಟ್ಟದ್ದು ವಾರ್ಷಿಕ ಸರಾಸರಿ, ಹಾಗಾಗಿ ಸರಿಹೋಯಿತು. ಆ್ಯಪ್‌ಗಳಲ್ಲಿ ಕಾಣುವ ಸಿಎಜಿಆರ್, ಅಂದರೆ ಚಕ್ರಬಡ್ಡಿ ಲೆಕ್ಕದ ಗಳಿಕೆ, ಬೇರೆ ವಸ್ತು, ಏರಿಳಿತದಿಂದಾದ ಸವಕಳಿಯನ್ನು ಅದು ಆಗಲೇ ಕಳೆದಿರುತ್ತದೆ. ಈ ಸವಕಳಿ ಡೀವಿಯೇಶನ್‌ನ ವರ್ಗದ ಅರ್ಧದಷ್ಟು: 21%ಕ್ಕೆ ಸುಮಾರು 2.2 ಪಾಯಿಂಟ್, 8%ಕ್ಕೆ 0.3 ಮಾತ್ರ. ಸಿಎಜಿಆರ್ ಹಾಕಿ ಮತ್ತೆ ಡೀವಿಯೇಶನ್‌ನಿಂದ ಭಾಗಿಸಿದರೆ ಸ್ಮಾಲ್‌ಕ್ಯಾಪ್‌ಗೆ ಒಂದೇ ತಪ್ಪಿಗೆ ಎರಡು ಸಲ ದಂಡ ಬೀಳುತ್ತದೆ.

ಅವಧಿಯ ಆಯ್ಕೆ ಎಷ್ಟು ಆಟವಾಡಿಸುತ್ತದೆ ಎನ್ನುವುದಕ್ಕೆ ನಿಫ್ಟಿ 50ರದ್ದೇ ನಿಜವಾದ ಲೆಕ್ಕ ಹೇಳುತ್ತೇವೆ, ಲಾಭಾಂಶ ಬಿಟ್ಟು. 2020ರ ಫೆಬ್ರುವರಿ ಕೊನೆಗೆ ನಿಫ್ಟಿ ಸುಮಾರು 11,200 ಇತ್ತು. ಮಾರ್ಚ್ ಒಂದೇ ತಿಂಗಳಲ್ಲಿ 23% ಬಿದ್ದು 8,600ಕ್ಕೆ ಬಂತು. 2023ರ ಫೆಬ್ರುವರಿ ಕೊನೆಗೆ 17,300, ಮಾರ್ಚ್ ಕೊನೆಗೆ 17,360. ಅಂದರೆ 2023ರ ಆ ಒಂದು ತಿಂಗಳು ಸೂಚ್ಯಂಕ ಕದಲಿಯೇ ಇಲ್ಲ. ಆದರೆ ಫೆಬ್ರುವರಿಗೆ ಮುಗಿದ ಮೂರು ವರ್ಷದ ಚಕ್ರಬಡ್ಡಿ ಗಳಿಕೆ 15.6%, ಮಾರ್ಚ್‌ಗೆ ಮುಗಿದದ್ದು 26.4%. ಹಿಂಬಾಗಿಲಿನಿಂದ 2020ರ ಮಾರ್ಚ್ ಹೊರಗೆ ಹೋಯಿತು, ಅದರ ಜೊತೆ ಡೀವಿಯೇಶನ್ ಕೂಡ ಕುಸಿಯಿತು. ಎರಡೂ ಒಂದೇ ದಿಕ್ಕಿನಲ್ಲಿ ಶಾರ್ಪ್ ಅನ್ನು ಎತ್ತುತ್ತವೆ. ಒಂದು ಫಂಡಿಗೆ ಫೆಬ್ರುವರಿ, ಇನ್ನೊಂದಕ್ಕೆ ಮಾರ್ಚ್ ಫ್ಯಾಕ್ಟ್‌ಶೀಟ್ ಹಿಡಿದು ಕೂತವರ ಪಾಡು ಊಹಿಸಿ. ತಿಂಗಳು ತಾಳೆಯಾಗಿದೆಯೇ ಎಂದು ನೋಡುವುದು ಅರ್ಧ ನಿಮಿಷದ ಕೆಲಸ.

ಅದೇ 2020ರ ಮಾರ್ಚ್ ಇನ್ನೊಂದು ತೊಂದರೆಯನ್ನೂ ತೋರಿಸುತ್ತದೆ. 2017ರ ಮಾರ್ಚ್ ಕೊನೆಗೆ ನಿಫ್ಟಿ ಸುಮಾರು 9,170 ಇತ್ತು, ಮೂರು ವರ್ಷದ ನಂತರ 8,600. ಅಂಥ ಅವಧಿಯಲ್ಲಿ ಬಹುಪಾಲು ಈಕ್ವಿಟಿ ಫಂಡ್‌ಗಳು ಬ್ಯಾಂಕ್ ಬಡ್ಡಿಯನ್ನೂ ಮುಟ್ಟುವುದಿಲ್ಲ, ಶಾರ್ಪ್ ಸೊನ್ನೆಗಿಂತ ಕೆಳಗಿಳಿಯುತ್ತದೆ. ಆಗ ಎಂ-ಸ್ಕ್ವೇರ್ಡ್ ತಲೆಕೆಳಗಾಗುತ್ತದೆ. ಎರಡು ಫಂಡ್‌ಗಳು ತಲಾ 2.5% ಮಾತ್ರ ಗಳಿಸಿವೆ, ಒಂದರ ಡೀವಿಯೇಶನ್ 20, ಇನ್ನೊಂದರದು 10 ಎನ್ನಿ. ಯಾರನ್ನು ಕೇಳಿದರೂ ಎರಡನೆಯದೇ ವಾಸಿ ಎನ್ನುತ್ತಾರೆ: ಗಳಿಕೆ ಅಷ್ಟೇ, ಕುಣಿತ ಅರ್ಧ. ಸೂತ್ರ ಮಾತ್ರ 20ರದ್ದಕ್ಕೆ 3.7%, 10ರದ್ದಕ್ಕೆ 0.9% ಕೊಡುತ್ತದೆ. ತೆಳುಮಾಡಿದಾಗ ನಷ್ಟವೂ ತೆಳುವಾಗುತ್ತದೆ, ಗಟ್ಟಿ ಮಾಡಿದಾಗ ನಷ್ಟವೂ ಗಟ್ಟಿಯಾಗುತ್ತದೆ, ಅದಕ್ಕೇ ಹೀಗೆ. ಗಳಿಕೆ `Rf`ಗಿಂತ ಕೆಳಗಿದ್ದರೆ ಈ ಲೆಕ್ಕ ಬಿಟ್ಟು, ಅವಧಿಯನ್ನು ಐದಕ್ಕೋ ಏಳಕ್ಕೋ ಉದ್ದ ಮಾಡಿ ನೋಡಿ.

ಸಾಲದ ಪತ್ರಗಳಲ್ಲಿ ಹೂಡುವ ಡೆಟ್ ಫಂಡ್‌ಗಳಿಗಂತೂ ಇದನ್ನು ಹಾಕಲೇಬೇಡಿ. 8.5% ಗಳಿಸಿ ಡೀವಿಯೇಶನ್ 1 ಇರುವ ಫಂಡಿಗೆ ಎಂ-ಸ್ಕ್ವೇರ್ಡ್ 34.5% ಬರುತ್ತದೆ. ಅದನ್ನು ಗಳಿಸಲು ನಿಮ್ಮ ಒಂದು ಲಕ್ಷದ ಜೊತೆ 13 ಲಕ್ಷ ಸಾಲ ಬೇಕು! ಮೇಲಾಗಿ ಅಲ್ಲಿನ ಅಪಾಯ ತಿಂಗಳ ಏರಿಳಿತದಲ್ಲಿ ಕಾಣುವಂಥದಲ್ಲ. ಸಾಲ ಪಡೆದ ಕಂಪನಿ ಕೈಯೆತ್ತುವ ದಿನದವರೆಗೂ ಎನ್‌ಎವಿ ಗೆರೆ ಎಳೆದಂತೆ ನೆಟ್ಟಗೇ ಹೋಗುತ್ತಿರುತ್ತದೆ. ಇದರ ಸಣ್ಣ ರೂಪ ಸ್ಮಾಲ್‌ಕ್ಯಾಪ್‌ನಲ್ಲೂ ಇದೆ. ವಹಿವಾಟು ಕಡಿಮೆಯಿರುವ ಷೇರುಗಳ ಬೆಲೆ ಸುದ್ದಿಗೆ ತಡವಾಗಿ ಅಲುಗಾಡುವುದರಿಂದ ನಿಮ್ಮ 21 ನಿಜಕ್ಕೂ ತುಸು ಹೆಚ್ಚೇ ಇರಬಹುದು.

ಇನ್ನು ಮಾರುವ ವಿಚಾರ. ಮೂರು ವರ್ಷದ ಅಂಕಿಯಿಂದ ಲೆಕ್ಕ ಹಾಕಿದ ಶಾರ್ಪ್‌ನಲ್ಲಿ ಎಷ್ಟು ಅಲುಗಾಟವಿದೆ ಎನ್ನಲು ಒಂದು ಒರಟು ಅಳತೆಯಿದೆ: 1ನ್ನು ವರ್ಷಗಳ ವರ್ಗಮೂಲದಿಂದ ಭಾಗಿಸಿ. ಮೂರು ವರ್ಷಕ್ಕೆ 0.58. ಮಾರುಕಟ್ಟೆಯ 14ರಿಂದ ಗುಣಿಸಿದರೆ ಎಂ-ಸ್ಕ್ವೇರ್ಡ್‌ನಲ್ಲಿ 8 ಪಾಯಿಂಟ್ ಅಲುಗಾಟ. ಸ್ಮಾಲ್‌ಕ್ಯಾಪ್‌ನ 14.5% ಎಂದರೆ 6.5ರಿಂದ 22.5ರವರೆಗೆ ಎಲ್ಲಾದರೂ ಇರಬಹುದಾದ ಅಂಕಿ, ಅದೂ ಮೂರರಲ್ಲಿ ಎರಡು ಪಾಲು ಭರವಸೆಯಲ್ಲಿ. ಎರಡು ಫಂಡ್‌ಗಳ ನಡುವಿನ ಅಂತರಕ್ಕೆ ಅಲುಗಾಟ ಇಷ್ಟಿರುವುದಿಲ್ಲ, ಎರಡೂ ಒಂದೇ ಮಾರುಕಟ್ಟೆಯ ಜೊತೆ ಏಳುತ್ತ ಬೀಳುತ್ತ ಇರುತ್ತವಲ್ಲ. ಅವುಗಳ ನಡುವಿನ ಸಹಸಂಬಂಧ 0.85 ಎಂದು ಹಿಡಿದರೆ ಅದು ಸುಮಾರು 4.4 ಪಾಯಿಂಟ್‌ಗೆ ಇಳಿಯುತ್ತದೆ. ನಿಮ್ಮ ಫಂಡ್‌ಗಳ ಅಂತರ 1.8. ಈ 1.8 ಅದೃಷ್ಟವಲ್ಲ ಎಂದು ಸಾಮಾನ್ಯ ಮಟ್ಟದ ಖಾತ್ರಿಯಿಂದ ಹೇಳಬೇಕಾದರೆ ಇದೇ ಅಂತರ ಸುಮಾರು 70 ವರ್ಷ ಮುಂದುವರಿಯಬೇಕು. ಅಷ್ಟರಲ್ಲಿ ಫಂಡ್ ಮ್ಯಾನೇಜರ್ ಇರಲಿ, ಫಂಡ್ ಉಳಿದಿದ್ದರೂ ಹೆಚ್ಚೇ.

ಮಾರುವ ಖರ್ಚು ಮಾತ್ರ ಹೀಗೆ ಅಲುಗಾಡುವುದಿಲ್ಲ. ವರ್ಷ ದಾಟಿದ ಈಕ್ವಿಟಿ ಫಂಡಿನ ಲಾಭದಲ್ಲಿ, ಆರ್ಥಿಕ ವರ್ಷಕ್ಕೆ ಒಟ್ಟು 1.25 ಲಕ್ಷ ಮೀರಿದ್ದಕ್ಕೆ 12.5% ತೆರಿಗೆ. ವರ್ಷ ತುಂಬದ ಎಸ್‌ಐಪಿ ಕಂತುಗಳಿಗೆ ತೆರಿಗೆ ಇನ್ನೂ ಹೆಚ್ಚು, ಮೇಲೆ ಬೇಗ ಮಾರಿದ್ದಕ್ಕೆ ಫಂಡ್ ಹಿಡಿಯುವ ಎಕ್ಸಿಟ್ ಲೋಡ್ ಇದ್ದರೂ ಇರಬಹುದು. ಖಚಿತವಾದ ಖರ್ಚು ಕೊಟ್ಟು ಖಚಿತವಲ್ಲದ 1.8 ಕೊಳ್ಳುವ ವ್ಯಾಪಾರ ನಮಗೆ ಒಪ್ಪುವುದಿಲ್ಲ.

ಎಂ-ಸ್ಕ್ವೇರ್ಡ್ ನಿಮಗೆ ಕೆಲಸಕ್ಕೆ ಬರುವುದು ಇನ್ನೊಂದು ಕಡೆ. ಗಳಿಕೆಯ ಅಂದಾಜು ಮೂರು ವರ್ಷದಲ್ಲಿ ಗಟ್ಟಿಯಾಗುವುದಿಲ್ಲ, ಆದರೆ ಏರಿಳಿತದ ಅಂದಾಜು ಬಹುಮಟ್ಟಿಗೆ ಗಟ್ಟಿಯಾಗುತ್ತದೆ. ಸ್ಮಾಲ್‌ಕ್ಯಾಪ್‌ನ 21 ಎಂದರೆ ಮೂರರಲ್ಲಿ ಎರಡು ವರ್ಷ ಗಳಿಕೆ ಮೈನಸ್ 2.5ಕ್ಕೂ 39.5ಕ್ಕೂ ನಡುವೆ, ಉಳಿದ ವರ್ಷಗಳಲ್ಲಿ ಅದರಾಚೆ. ಬ್ಯಾಲೆನ್ಸ್ಡ್ ಅಡ್ವಾಂಟೇಜ್‌ಗೆ ಅದೇ ಲೆಕ್ಕ 4.1ಕ್ಕೂ 20.1ಕ್ಕೂ ನಡುವೆ. ಮೊದಲನೆಯದು ನಿಮ್ಮ ನಿದ್ದೆ ಕೆಡಿಸುತ್ತಿದೆ, ಎರಡನೆಯದರಷ್ಟು ಕುಣಿತ ಸಾಕು ಎನ್ನಿಸಿದರೆ, ಮಾರುವ ಅಗತ್ಯವಿಲ್ಲದೆಯೇ ಪ್ರಮಾಣ ಗೊತ್ತಾಗಿದೆ: 8ನ್ನು 21ರಿಂದ ಭಾಗಿಸಿ ಬಂದ 38%. ಹೊಸ ಕಂತುಗಳನ್ನು ಲಿಕ್ವಿಡ್ ಫಂಡಿಗೋ ಬ್ಯಾಂಕ್ ಠೇವಣಿಗೋ ತಿರುಗಿಸಿ. ಸ್ಮಾಲ್‌ಕ್ಯಾಪ್ ಮತ್ತು ಆ ಠೇವಣಿ ಎರಡನ್ನೇ ಸೇರಿಸಿ ನೋಡಿದಾಗ ಪ್ರತಿ ಲಕ್ಷದಲ್ಲಿ 38,000 ಮಾತ್ರ ಸ್ಮಾಲ್‌ಕ್ಯಾಪ್ ಇರುವ ಹಂತಕ್ಕೆ ಅದು ತಾನೇ ಬರುತ್ತದೆ.